ಸ್ಟೂಡೆಂಟ್ ವಿಡಿಯೊಗೆ ಹಾಡು, ಫೋಟೊ, ಕ್ಲಿಪ್: ಯಾವ ದಾರಿ ಯಾವಾಗ ಸರಿ?

ಪತ್ರಿಕೋದ್ಯಮ ಓದುತ್ತಿರುವ ನಾಲ್ಕು ಜನ ಹುಡುಗ ಹುಡುಗಿಯರು ತಮ್ಮ ಊರಿನಲ್ಲಿ ಮುಚ್ಚಿಹೋದ ಸಿಂಗಲ್ ಸ್ಕ್ರೀನ್ ಟಾಕೀಸಿನ ಬಗ್ಗೆ ಹತ್ತು ನಿಮಿಷದ ಸಾಕ್ಷ್ಯಚಿತ್ರ ಮಾಡುತ್ತಿದ್ದಾರೆ ಎಂದುಕೊಳ್ಳಿ. ಅವರಿಗೆ ಬೇಕಾಗಿರುವುದು ಇಷ್ಟು: ಟಾಕೀಸಿನ 1970ರ ದಶಕದ ಒಂದು ಫೋಟೊ, ಅಲ್ಲಿ ವಾರಗಟ್ಟಲೆ ಓಡಿದ ಒಂದು ಸಿನಿಮಾದ ತುಣುಕು, ಆ ಸಿನಿಮಾದ ಹಾಡು, ಸಂದರ್ಶನದ ಕೆಳಗೆ ಮೆಲ್ಲಗೆ ಕೇಳಿಸುವ ಹಿನ್ನೆಲೆ ಸಂಗೀತ, ಒಂದು ಹಳೆ ಪ್ರೊಜೆಕ್ಟರಿನ ಚಿತ್ರ. ಜೊತೆಗೆ ಗೋಡೆ ಮೇಲಿನ ಪೋಸ್ಟರುಗಳು ಹೇಗೂ ಶಾಟ್‌ನಲ್ಲಿ ಬಂದೇ ಬರುತ್ತವೆ.

ಇದರಲ್ಲಿ ಪ್ರತಿಯೊಂದಕ್ಕೂ ಯಾರೋ ಒಬ್ಬರು ಹಕ್ಕುದಾರರು ಇರಬಹುದು. ಹಾಗಂತ ಪ್ರತಿಯೊಂದಕ್ಕೂ ದುಡ್ಡು ಕೊಡಬೇಕು ಎಂದೇನಿಲ್ಲ. ದಾರಿಗಳು ಐದಿವೆ. ಕಾನೂನೇ ಕೊಟ್ಟ ವಿನಾಯಿತಿ, ಹಕ್ಕಿನ ಅವಧಿ ಮುಗಿದ ಕೃತಿ, ಮಾಡಿದವರೇ ಷರತ್ತು ಹಾಕಿ ಎಲ್ಲರ ಬಳಕೆಗೆ ಬಿಟ್ಟುಕೊಡುವ ಕ್ರಿಯೇಟಿವ್ ಕಾಮನ್ಸ್ ಅಥವಾ ಫ್ರೀ ಲೈಬ್ರರಿ, ಹಕ್ಕುದಾರರ ಲಿಖಿತ ಅನುಮತಿ, ಕೊನೆಗೆ ನಾವೇ ಮಾಡಿಕೊಳ್ಳುವುದು. ಯಾವುದು ಒಳ್ಳೆಯದು ಎಂದು ಸುಮ್ನೆ ಕೇಳಿದರೆ ಉತ್ತರ ಸಿಗುವುದಿಲ್ಲ. ಸಿನಿಮಾವನ್ನು ಎಲ್ಲಿ ತೋರಿಸುತ್ತೀರಿ ಎಂದು ಹೇಳಿದರೆ ಸಿಗುತ್ತದೆ.

ಕ್ಲಾಸ್‌ರೂಮೋ, ಯೂಟ್ಯೂಬೋ, ಫೆಸ್ಟಿವಲ್ಲೋ?

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ವಿನಾಯಿತಿಗಳ ಪಟ್ಟಿ ಕೊಡುತ್ತದೆ. ಪಾಠದ ಭಾಗವಾಗಿ ಮೇಷ್ಟ್ರು ಅಥವಾ ವಿದ್ಯಾರ್ಥಿ ಯಾವುದೇ ಕೃತಿಯನ್ನು ನಕಲು ಮಾಡಿಕೊಂಡರೆ ಅದು ಉಲ್ಲಂಘನೆ ಅಲ್ಲ. ಕಾಲೇಜಿನ ಚಟುವಟಿಕೆಯಾಗಿ ಸಿನಿಮಾ ಅಥವಾ ರೆಕಾರ್ಡಿಂಗ್ ಹಾಕಿದಾಗ, ನೋಡುವವರು ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ಪೋಷಕರು ಮತ್ತು ಕಾಲೇಜಿನ ಚಟುವಟಿಕೆಗೆ ಸಂಬಂಧಪಟ್ಟವರು ಮಾತ್ರ ಆಗಿದ್ದರೆ ಅದೂ ಉಲ್ಲಂಘನೆ ಅಲ್ಲ. ಪಾಠ ಅಂದರೆ ಕ್ಲಾಸಿನಲ್ಲಿ ನಿಂತು ಹೇಳುವುದು ಮಾತ್ರ ಅಲ್ಲ ಎಂದು ದೆಹಲಿ ಹೈಕೋರ್ಟ್ 2016ರಲ್ಲಿ, ದೆಹಲಿ ವಿಶ್ವವಿದ್ಯಾಲಯದ ಫೋಟೊಕಾಪಿ ಪ್ರಕರಣದಲ್ಲಿ, ಸಾಕಷ್ಟು ವಿಶಾಲವಾಗಿಯೇ ಅರ್ಥ ಮಾಡಿತು.

ಹಾಗಾಗಿ ಅಸೈನ್‌ಮೆಂಟ್ ಎಂದು ಮಾಡಿ, ಡ್ರೈವ್‌ನಲ್ಲೋ ಪೆನ್‌ಡ್ರೈವ್‌ನಲ್ಲೋ ಮೇಷ್ಟ್ರಿಗೆ ಕೊಟ್ಟು, ಕ್ಲಾಸಿನಲ್ಲಿ ತೋರಿಸಿ ಅಲ್ಲಿಗೇ ಮುಗಿಸುವುದಾದರೆ ನೀವು ಹೆಚ್ಚುಕಡಿಮೆ ನಿರಾಳ.

ಅದೇ ಫೈಲನ್ನು ಯೂಟ್ಯೂಬಿಗೆ ಹಾಕಿದ ಕ್ಷಣ ಈ ಎರಡೂ ವಿನಾಯಿತಿಗಳು ಕೈಬಿಡುತ್ತವೆ. ಈಗ ನೋಡುವವರು ಇಡೀ ಜಗತ್ತಿನವರು. 'ಎಜುಕೇಶನಲ್ ಪರ್ಪಸ್ ಮಾತ್ರ' ಎಂದು ಡಿಸ್ಕ್ರಿಪ್ಶನ್‌ನಲ್ಲಿ ಬರೆದರೆ ಏನೂ ಬದಲಾಗುವುದಿಲ್ಲ. ಅನ್‌ಲಿಸ್ಟೆಡ್ ಲಿಂಕ್ ಮಾಡಿದರೂ ಹೋಲಿಕೆ ಹುಡುಕುವ ಯೂಟ್ಯೂಬಿನ ಯಂತ್ರವಾದ ಕಂಟೆಂಟ್ ಐಡಿ ಅದನ್ನು ಪರಿಶೀಲಿಸುತ್ತದೆ, ಪ್ರೈವೇಟ್ ವಿಡಿಯೊವನ್ನೂ ಬಿಡುವುದಿಲ್ಲ. ಇನ್ನು ಫಿಲ್ಮ್ ಫೆಸ್ಟಿವಲ್ ಇನ್ನೂ ಬಿಗಿ. ಎಂಟ್ರಿ ಫಾರ್ಮಿನಲ್ಲಿ 'ಬಳಸಿದ ಎಲ್ಲದರ ಹಕ್ಕು ನಮ್ಮ ಬಳಿ ಇದೆ' ಎಂದು ಸಹಿ ಹಾಕಿಸಿಕೊಳ್ಳುವುದು ವಾಡಿಕೆ. ನಾಳೆ ತಕರಾರು ಬಂದರೆ ಆ ಸಹಿ ನಿಮ್ಮದೇ.

ನನ್ನ ಸಲಹೆ ಇಷ್ಟೇ. ಶೂಟಿಂಗಿಗೆ ಮುಂಚೆಯೇ ಗುಂಪಿನಲ್ಲಿ ಕೂತು ಇದು ಎಲ್ಲಿಯವರೆಗೆ ಹೋಗಬಹುದು ಎಂದು ತೀರ್ಮಾನಿಸಿ. ಅನುಮಾನ ಇದ್ದರೆ ಯೂಟ್ಯೂಬ್ ಎಂದೇ ಹಿಡಿಯಿರಿ. ಮಾರ್ಕ್ಸ್ ಚೆನ್ನಾಗಿ ಬಂದ ವಿಡಿಯೊವನ್ನು ಯಾರೂ ಪೆನ್‌ಡ್ರೈವ್‌ನಲ್ಲಿ ಬಿಡುವುದಿಲ್ಲ, ಅಲ್ವಾ? ಎಡಿಟ್ ಮುಗಿದ ಮೇಲೆ ಹಾಡು ತೆಗೆದು ಬೇರೆ ಹಾಕಲು ಹೊರಟರೆ, ಆ ಹಾಡಿನ ಬೀಟ್‌ಗೆ ಕೂರಿಸಿದ ಕಟ್‌ಗಳೆಲ್ಲ ಎಲ್ಲೆಲ್ಲೋ ಬೀಳುತ್ತವೆ. ಟೈಮ್‌ಲೈನ್ ಅರ್ಧ ಮತ್ತೆ ಕಟ್ಟಬೇಕಾಗುತ್ತದೆ.

ಸಿನಿಮಾ ತುಣುಕು: ಇಲ್ಲಿ ಫೇರ್ ಡೀಲಿಂಗ್ ಕೆಲಸಕ್ಕೆ ಬರುತ್ತದೆ

ಅನುಮತಿ ಇಲ್ಲದೆ ಬಳಸಲು ಬಿಡುವ ಅಮೆರಿಕದ 'ಫೇರ್ ಯೂಸ್' ಮತ್ತು ನಮ್ಮ 'ಫೇರ್ ಡೀಲಿಂಗ್' ಒಂದೇ ಎಂದು ತುಂಬ ಜನ ತಿಳಿದಿದ್ದಾರೆ. ಅಮೆರಿಕದ ಕಾನೂನು ಉದ್ದೇಶಗಳ ಪಟ್ಟಿಯನ್ನು ಮುಚ್ಚಿಲ್ಲ. ನಾಲ್ಕು ಅಂಶಗಳನ್ನು ತೂಗಿ ನೋಡಿ ಎನ್ನುತ್ತದೆ. ನಮ್ಮದರಲ್ಲಿ ಮೊದಲು ಒಂದು ಬಾಗಿಲು ದಾಟಬೇಕು. ನಿಮ್ಮ ಬಳಕೆ ಖಾಸಗಿ ಉಪಯೋಗ ಅಥವಾ ಸಂಶೋಧನೆ, ವಿಮರ್ಶೆ, ಪ್ರಚಲಿತ ವಿದ್ಯಮಾನದ ವರದಿ, ಈ ಮೂರರಲ್ಲಿ ಒಂದಕ್ಕೆ ಸೇರಬೇಕು. ಸೇರಿದ ಮೇಲೆ ಅದು ನ್ಯಾಯವಾಗಿದೆಯೇ ಎಂಬ ಪ್ರಶ್ನೆ. ಕೇರಳ ಹೈಕೋರ್ಟ್ 1996ರ ಒಂದು ನಾಟಕದ ಪ್ರಕರಣದಲ್ಲಿ ಮೂರು ವಿಷಯ ನೋಡಬೇಕು ಎಂದಿತು: ಹೇಳುವ ಮಾತಿಗೆ ಹೋಲಿಸಿದರೆ ಎಷ್ಟು ಮತ್ತು ಯಾವ ಭಾಗ ತೆಗೆದುಕೊಂಡಿರಿ, ಯಾಕೆ ತೆಗೆದುಕೊಂಡಿರಿ, ನಿಮ್ಮ ಕೃತಿ ಮೂಲಕ್ಕೆ ಪೈಪೋಟಿ ಆಗುತ್ತದೆಯೇ.

ಇದರಲ್ಲಿ ಎಲ್ಲೂ ಸೆಕೆಂಡಿನ ಲೆಕ್ಕ ಇಲ್ಲ. 'ಏಳು ಸೆಕೆಂಡ್ ಒಳಗಿದ್ದರೆ ಓಕೆ', 'ಮೂವತ್ತು ಸೆಕೆಂಡ್ ಫ್ರೀ' ಅನ್ನುವುದೆಲ್ಲ ಎಡಿಟಿಂಗ್ ರೂಮಿನ ದಂತಕಥೆ. ನಮ್ಮ ಕಾಯ್ದೆಯಲ್ಲಿಯೂ ಇಲ್ಲ, ಅಮೆರಿಕದ್ದರಲ್ಲಿಯೂ ಇಲ್ಲ.

ಈಗ ನಮ್ಮ ಟಾಕೀಸಿನ ಸಿನಿಮಾಕ್ಕೆ ಬರೋಣ. ವಿದ್ಯಾರ್ಥಿಗಳು ಹಳೆ ಸಿನಿಮಾದ ಹನ್ನೆರಡು ಸೆಕೆಂಡಿನ ಒಂದು ದೃಶ್ಯ ತೆಗೆದುಕೊಂಡಿದ್ದಾರೆ. ಅದರಲ್ಲಿ ನಾಯಕ ಟಾಕೀಸಿನ ಮುಂದೆ ಬ್ಲ್ಯಾಕ್ ಟಿಕೆಟ್ ಕೊಳ್ಳುತ್ತಾನೆ. ಮೊದಲ ಕಟ್‌ನಲ್ಲಿ ಈ ದೃಶ್ಯ ಟೈಟಲ್ ಆದ ಕೂಡಲೇ ಬರುತ್ತದೆ, ಮೂಲ ಆಡಿಯೊ ಜೊತೆಗೆ. ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ. ಹಳೆ ಕಾಲದ ಗುಂಗು ಹಿಡಿಸಲು ಇಟ್ಟಿದ್ದು. ಇದನ್ನು ವಿಮರ್ಶೆ ಎನ್ನಲು ಬರುವುದಿಲ್ಲ. ನೀವು ಸಿನಿಮಾವನ್ನು ಅಲಂಕಾರಕ್ಕೆ ಬಳಸಿದ್ದೀರಿ.

ಎರಡನೇ ಕಟ್‌ನಲ್ಲಿ ಮೂಲ ಆಡಿಯೊ ತೆಗೆದಿದ್ದಾರೆ. ದೃಶ್ಯ ಓಡುತ್ತಿರುವಾಗ ನಿರೂಪಣೆ ಹೇಳುತ್ತದೆ: 'ಕ್ಯೂನಲ್ಲಿ ಹೆಂಗಸರ ಕೌಂಟರ್ ಬೇರೆ ಇರುವುದನ್ನು ನೋಡಿ. ಬ್ಲ್ಯಾಕ್ ಟಿಕೆಟ್ ಮಾರುವವನನ್ನು ಈ ಸಿನಿಮಾ ಖಳ ಎಂದು ತೋರಿಸುವುದಿಲ್ಲ, ಸ್ನೇಹಿತ ಎಂದು ತೋರಿಸುತ್ತದೆ.' ಮಾತು ಮುಗಿದ ಕಡೆ ದೃಶ್ಯವೂ ಮುಗಿಯುತ್ತದೆ. ಸಿನಿಮಾದ ಹೆಸರು ಮತ್ತು ವರ್ಷ ಮೂಲೆಯಲ್ಲಿ ಕಾಣಿಸುತ್ತದೆ. ಇದು ವಿಮರ್ಶೆ. ಈ ಹನ್ನೆರಡು ಸೆಕೆಂಡ್ ನೋಡಿದವರು ಮೂಲ ಸಿನಿಮಾ ನೋಡುವುದನ್ನು ಬಿಡುವುದಿಲ್ಲ.

ಎರಡು ಕಟ್‌ಗಳಲ್ಲೂ ದೃಶ್ಯ ಒಂದೇ, ಉದ್ದ ಒಂದೇ. ಪರೀಕ್ಷಿಸಿಕೊಳ್ಳಲು ನಾನು ಹೇಳುವುದು ಹೀಗೆ: ಕ್ಲಿಪ್ ತೆಗೆದು ಆ ಜಾಗದಲ್ಲಿ ಕಪ್ಪು ಪರದೆ ಇಟ್ಟು ನೋಡಿ. ನಿರೂಪಣೆ ಏನು ಹೇಳುತ್ತಿದೆ ಎಂದೇ ಗೊತ್ತಾಗದಿದ್ದರೆ ಕ್ಲಿಪ್‌ಗೆ ಅಲ್ಲಿ ಕೆಲಸ ಇದೆ. ಏನೂ ವ್ಯತ್ಯಾಸ ಆಗದಿದ್ದರೆ ಕ್ಲಿಪ್ ಬೇಡ.

ಒಂದು ಮಿತಿ ನೆನಪಿರಲಿ. ಫೇರ್ ಡೀಲಿಂಗ್ ಎನ್ನುವುದು ಯಾರೋ ಮೊದಲೇ ಕೊಡುವ ಪರವಾನಗಿ ಅಲ್ಲ. ತಕರಾರು ಬಂದಾಗ ನೀವು ಮುಂದಿಡುವ ವಾದ. ಒಪ್ಪುವುದು ಬಿಡುವುದು ಕೊನೆಗೆ ಕೋರ್ಟಿಗೆ ಸೇರಿದ್ದು. ಹತ್ತು ನಿಮಿಷದ ವಿಡಿಯೊದಲ್ಲಿ ಇಂಥ ಒಂದೋ ಎರಡೋ ಜಾಗ ಇರಲಿ, ಹತ್ತು ಬೇಡ.

ಹಾಡು: ಎಲ್ಲಕ್ಕಿಂತ ಜಾಸ್ತಿ ತೊಡಕು ಇಲ್ಲೇ

ಒಂದು ಸಿನಿಮಾ ಹಾಡಿನಲ್ಲಿ ಕನಿಷ್ಠ ಮೂರು ಹಕ್ಕುಗಳಿವೆ. ಸಾಹಿತ್ಯದ್ದು, ಸಂಗೀತ ಸಂಯೋಜನೆಯದ್ದು, ಧ್ವನಿಮುದ್ರಿಕೆಯದ್ದು. ಮೂರಕ್ಕೂ ಅವಧಿ ಬೇರೆ ಬೇರೆ. ಸಾಹಿತ್ಯ ಮತ್ತು ಸಂಯೋಜನೆಗೆ ಬರೆದವರ ಆಯಸ್ಸು ಮತ್ತು ಅದರ ಮೇಲೆ 60 ವರ್ಷ. ಧ್ವನಿಮುದ್ರಿಕೆಗೆ ಬಿಡುಗಡೆಯಿಂದ 60 ವರ್ಷ. ಲೆಕ್ಕ ಶುರುವಾಗುವುದು ಮುಂದಿನ ವರ್ಷದ ಜನವರಿ 1ರಿಂದ.

1964ರಲ್ಲಿ ಬಿಡುಗಡೆಯಾದ ಒಂದು ಹಾಡನ್ನು ತೆಗೆದುಕೊಳ್ಳಿ. ಆ ಧ್ವನಿಮುದ್ರಿಕೆಯ ಹಕ್ಕು 2024ರ ಕೊನೆಗೆ ಮುಗಿಯಿತು. 'ಹಳೇ ಹಾಡು, ಫ್ರೀ' ಎಂದು ಖುಷಿಪಡುವ ಮುಂಚೆ ಸಾಹಿತಿ ಯಾವಾಗ ತೀರಿಕೊಂಡರು ನೋಡಿ. 1980ರಲ್ಲಿ ಎಂದಾದರೆ ಸಾಹಿತ್ಯದ ಹಕ್ಕು 2040ರ ಕೊನೆವರೆಗೆ ಇರುತ್ತದೆ. ಸಂಗೀತ ನಿರ್ದೇಶಕರ ಲೆಕ್ಕ ಮತ್ತೆ ಬೇರೆ. ಮೂರೂ ಮುಗಿದಿದ್ದರೆ ಮಾತ್ರ ಹಾಡು ನಿಮ್ಮ ಕೈಗೆ ಬರುತ್ತದೆ. ಕನ್ನಡ ಸಿನಿಮಾ ಹಾಡುಗಳಲ್ಲಿ ಅಂಥವು ಇನ್ನೂ ಕಡಿಮೆ.

ಕವಿತೆಗಳ ಲೆಕ್ಕವೂ ಹೀಗೆಯೇ. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ. ಅವರ ಪದ್ಯಗಳನ್ನು ಯಾರು ಬೇಕಾದರೂ ಹಾಡಬಹುದು. ಬೇಂದ್ರೆಯವರು 1981ರಲ್ಲಿ ತೀರಿಕೊಂಡರು, ಆದ್ದರಿಂದ 2041ರ ಕೊನೆವರೆಗೆ ಅನುಮತಿ ಬೇಕು. ಕುವೆಂಪು ಅವರ ಕೃತಿಗಳಿಗೆ 2054ರ ಕೊನೆವರೆಗೆ. ವಚನ, ದಾಸರ ಪದಗಳ ಮಾತಿಗೆ ಈ ತೊಂದರೆಯೇ ಇಲ್ಲ.

ಆದರೆ ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಪುರಂದರದಾಸರ ಪದ ಎಲ್ಲರದ್ದು, ನಿಜ. ಅದನ್ನು ಒಬ್ಬ ಗಾಯಕರು ಹಾಡಿ, ಒಂದು ಕಂಪನಿ ಮುದ್ರಿಸಿದ ಆಲ್ಬಮ್ ಎಲ್ಲರದ್ದಲ್ಲ. ಪಂಜೆಯವರ ಪದ್ಯ ಎಲ್ಲರದ್ದು. ಅದಕ್ಕೆ ಸುಗಮ ಸಂಗೀತದವರು ಹಾಕಿದ ಜನಪ್ರಿಯ ಧಾಟಿ ಆ ಸಂಯೋಜಕರದ್ದು. ಪದ್ಯ ಉಚಿತ ಎಂದು ಕ್ಲಾಸಿನ ಹುಡುಗಿ ಅದೇ ಧಾಟಿಯಲ್ಲಿ ಹಾಡಿದರೂ ಒಂದು ಹಕ್ಕು ಬಾಕಿ ಉಳಿಯಿತು. ಹೊಸ ಧಾಟಿ ಹಾಕಿ.

ಹಾಗಾದರೆ ಆ ಸಿನಿಮಾ ಹಾಡಿಗೆ ಅನುಮತಿ ಕೇಳಬಾರದೇ? ಕೇಳಬಹುದು. ಚಿತ್ರದ ಜೊತೆ ಹಾಡು ಕೂರಿಸುವ ಲೈಸೆನ್ಸಿಗೆ ಸಿಂಕ್ ಲೈಸೆನ್ಸ್ ಎನ್ನುತ್ತಾರೆ. ಅದಕ್ಕೆ ಆಡಿಯೊ ಕಂಪನಿಯನ್ನೇ ಕೇಳಬೇಕು. ಕಾಲೇಜು ಫೆಸ್ಟಿಗೆ ಹಾಡು ಹಾಕಲು, ಸಂಗೀತದ ಲೈಸೆನ್ಸ್ ಕೊಡುವ ಸಂಸ್ಥೆಗಳಾದ ಪಿಪಿಎಲ್ ಅಥವಾ ಐಪಿಆರ್‌ಎಸ್‌ನಿಂದ ತೆಗೆದುಕೊಂಡ ಲೈಸೆನ್ಸ್ ಇದೆಯಲ್ಲ, ಅದು ಸಾರ್ವಜನಿಕವಾಗಿ ಹಾಡು ಕೇಳಿಸಲು ಮಾತ್ರ. ಅದನ್ನು ತೋರಿಸಿ ವಿಡಿಯೊಗೆ ಹಾಡು ಅಂಟಿಸಲು ಬರುವುದಿಲ್ಲ. ವಿದ್ಯಾರ್ಥಿಗಳ ಬಜೆಟ್ಟು, ಸಬ್ಮಿಶನ್ ದಿನಾಂಕ ಎರಡನ್ನೂ ನೋಡಿದರೆ ಈ ದಾರಿಯನ್ನು ನಾನು ಕೊನೆಗೆ ಇಡುತ್ತೇನೆ.

ಇನ್‌ಸ್ಟಾಗ್ರಾಮಿನಲ್ಲಿ ರೀಲ್ಸ್‌ಗೆ ಅದೇ ಹಾಡು ಸಿಗುತ್ತದಲ್ಲ ಎಂದು ಕೇಳುವವರಿದ್ದಾರೆ. ಅದು ಆ ಆ್ಯಪ್ ತನ್ನೊಳಗಿನ ಬಳಕೆಗಾಗಿ ಕಂಪನಿಗಳ ಜೊತೆ ಮಾಡಿಕೊಂಡ ಒಪ್ಪಂದ. ರೀಲ್ ಡೌನ್‌ಲೋಡ್ ಮಾಡಿ ಬೇರೆ ಕಡೆ ಹಾಕಿದರೆ ಆ ಒಪ್ಪಂದ ನಿಮ್ಮ ಜೊತೆ ಬರುವುದಿಲ್ಲ.

ಹಾಡಿಗೆ ನನ್ನ ಮೊದಲ ಆಯ್ಕೆ ನಾವೇ ಮಾಡಿಕೊಳ್ಳುವುದು. ಕಾಲೇಜಿನಲ್ಲಿ ಹಾರ್ಮೋನಿಯಂ, ಕೀಬೋರ್ಡ್, ಕೊಳಲು ನುಡಿಸುವ ಒಬ್ಬರಾದರೂ ಇರುತ್ತಾರೆ. ದಾಸರ ಪದದ ಮಾತು, ಹೊಸ ಧಾಟಿ, ಫೋನಿನ ರೆಕಾರ್ಡರ್, ಗಾದಿ ಹಾಸಿಗೆ ತುಂಬಿದ ಒಂದು ಕೋಣೆ ಸಾಕು. ಹಾಡಿದವರಿಗೂ ಕಲಾವಿದರ ಹಕ್ಕು ಎಂದು ಒಂದಿದೆ, 50 ವರ್ಷದ್ದು. ಅವರಿಂದ ಒಪ್ಪಿಗೆಯನ್ನು ಬರೆಸಿಕೊಳ್ಳಿ. ಹಳ್ಳಿಗೆ ಹೋಗಿ ಜಾನಪದ ಹಾಡಿದವರನ್ನು ಮುದ್ರಿಸಿಕೊಂಡರೂ ಇದೇ ನಿಯಮ. ಹಾಡು ಯಾರದ್ದೂ ಅಲ್ಲದಿರಬಹುದು, ಹಾಡಿದ ದನಿ ಆ ಅಜ್ಜಿಯದ್ದು.

ಫ್ರೀ ಸಂಗೀತ, ಕ್ರಿಯೇಟಿವ್ ಕಾಮನ್ಸ್: 'ಫ್ರೀ' ಎಂದರೆ ಎಷ್ಟು ಫ್ರೀ?

ಸಂದರ್ಶನದ ಕೆಳಗಿನ ಹಿನ್ನೆಲೆ ಸಂಗೀತಕ್ಕೆ ಯೂಟ್ಯೂಬ್ ಸ್ಟುಡಿಯೊದ ಒಳಗಿರುವ ಆಡಿಯೊ ಲೈಬ್ರರಿ ಸುಲಭದ ಜಾಗ. ಅಲ್ಲಿ ಎರಡು ಬಗೆ ಇವೆ. ಕೆಲವಕ್ಕೆ ಹೆಸರು ಹಾಕುವುದೂ ಬೇಕಾಗಿಲ್ಲ. ಕೆಲವಕ್ಕೆ ಕ್ರಿಯೇಟಿವ್ ಕಾಮನ್ಸ್ ಗುರುತು ಇರುತ್ತದೆ, ಅವಕ್ಕೆ ಡಿಸ್ಕ್ರಿಪ್ಶನ್‌ನಲ್ಲಿ ಹೆಸರು ಹಾಕಲೇಬೇಕು. ಪಿಕ್ಸಾಬೇ, ಪೆಕ್ಸೆಲ್ಸ್ ಮುಂತಾದ ಉಚಿತ ಫೋಟೊ, ವಿಡಿಯೊ ತಾಣಗಳು ತಮ್ಮದೇ ಲೈಸೆನ್ಸ್ ಇಟ್ಟುಕೊಂಡಿವೆ. ಬಳಸಲು ದುಡ್ಡಿಲ್ಲ, ಹೆಸರು ಹಾಕುವುದು ನಿಮ್ಮ ಇಷ್ಟ. 'ರಾಯಲ್ಟಿ ಫ್ರೀ' ಎಂದು ಬರೆದಿರುವ ಕಡೆ ಮಾತ್ರ ಎಚ್ಚರ. ಪ್ರತಿ ಬಾರಿ ಬಳಸಿದಾಗ ಮತ್ತೆ ಕೊಡಬೇಕಾಗಿಲ್ಲ ಎಂದಷ್ಟೇ ಅದರ ಅರ್ಥ. ಮೊದಲ ಸಲ ದುಡ್ಡು ಇರಬಹುದು.

ಕ್ರಿಯೇಟಿವ್ ಕಾಮನ್ಸ್‌ನಲ್ಲಿ ಅಕ್ಷರಗಳನ್ನು ಓದಲು ಬರಬೇಕು. CC0 ಎಂದರೆ ಏನೂ ಷರತ್ತಿಲ್ಲ. BY ಎಂದರೆ ಹೆಸರು ಹಾಕಿ. SA ಎಂದರೆ ನೀವು ಮಾಡಿದ್ದನ್ನೂ ಇದೇ ಲೈಸೆನ್ಸಿನಲ್ಲಿ ಬಿಟ್ಟುಕೊಡಿ. NC ಎಂದರೆ ವ್ಯಾಪಾರಕ್ಕೆ ಬಳಸಬೇಡಿ. ND ಎಂದರೆ ಬದಲಾಯಿಸಿ ಹಂಚಬೇಡಿ.

ND ಸಂಗೀತವನ್ನು ಒಂದು ಸ್ವರವೂ ಬದಲಿಸದೆ ಪೂರ್ತಿ ಬಳಸಿದರೆ ಸರಿ ತಾನೇ ಎನಿಸಬಹುದು. ಸರಿಯಲ್ಲ. ಸಂಗೀತವನ್ನು ಚಲಿಸುವ ಚಿತ್ರದ ಜೊತೆ ಕಾಲಕ್ಕೆ ಸರಿಯಾಗಿ ಕೂರಿಸಿದರೆ ಅದೇ ಒಂದು ರೂಪಾಂತರ ಎಂದು ಈ ಲೈಸೆನ್ಸುಗಳು ಸ್ಪಷ್ಟವಾಗಿ ಹೇಳುತ್ತವೆ. ಅಂದರೆ ND ಇರುವ ಸಂಗೀತ ಯಾವ ವಿಡಿಯೊಗೂ ಆಗುವುದಿಲ್ಲ. ಅದೇ ಕಾರಣಕ್ಕೆ SA ಸಂಗೀತ ಹಾಕಿದರೆ ನಿಮ್ಮ ಇಡೀ ಸಾಕ್ಷ್ಯಚಿತ್ರವನ್ನೇ SA ಲೈಸೆನ್ಸಿನಲ್ಲಿ ಬಿಡಬೇಕು.

ಈಗ ಇಕ್ಕಟ್ಟು ಹೇಗೆ ಬರುತ್ತದೆ ನೋಡಿ. ನಮ್ಮ ಗುಂಪಿನ ಒಬ್ಬ CC BY-SA ಇರುವ ಒಂದು ಪಿಯಾನೊ ಸಂಗೀತ ತಂದ. ಇನ್ನೊಬ್ಬಳು ಪ್ರೊಜೆಕ್ಟರ್ ತಿರುಗುವ ಒಂದು ವಿಡಿಯೊ ತುಣುಕು ತಂದಳು, ಅದು CC BY-NC. ಇಬ್ಬರೂ ಪ್ರಾಮಾಣಿಕವಾಗಿ ಹುಡುಕಿ ತಂದವರೇ. ಒಂದೊಂದನ್ನೇ ನೋಡಿದರೆ ಎರಡೂ ಸರಿ. ಆದರೆ ಸಂಗೀತದ ಷರತ್ತಿನ ಪ್ರಕಾರ ಸಿನಿಮಾವನ್ನು ಯಾರು ಬೇಕಾದರೂ, ವ್ಯಾಪಾರಕ್ಕೂ, ಬಳಸುವಂತೆ ಬಿಡಬೇಕು. ತುಣುಕಿನ ಷರತ್ತು ವ್ಯಾಪಾರ ಬೇಡ ಎನ್ನುತ್ತದೆ. ಒಂದೇ ಸಿನಿಮಾ ಎರಡನ್ನೂ ಪಾಲಿಸಲು ಆಗುವುದಿಲ್ಲ. ಎರಡರಲ್ಲಿ ಒಂದನ್ನು ಬಿಡಬೇಕು. ಪಿಯಾನೊ ಬದಲಿಸುವುದು ಸುಲಭ, ಹಾಗಾಗಿ ನಾನಾದರೆ CC BY ಇರುವ ಬೇರೆ ಸಂಗೀತ ಹುಡುಕುತ್ತೇನೆ. ಆಗಲೂ NC ತುಣುಕು ಉಳಿದಿರುತ್ತದೆ. ಚಾನೆಲ್ಲಿನಲ್ಲಿ ಜಾಹೀರಾತು ಹಾಕಿ ದುಡ್ಡು ಮಾಡುವ ಆಸೆ ಇದ್ದರೆ, ಅಥವಾ ನಾಳೆ ಯಾರಾದರೂ ಸಿನಿಮಾ ಕೊಳ್ಳಲು ಬಂದರೆ, ಅದೂ ಅಡ್ಡಿ.

ಆದ್ದರಿಂದ ಹುಡುಕುವಾಗಲೇ ಫಿಲ್ಟರಿನಲ್ಲಿ CC0 ಮತ್ತು CC BY ಎರಡನ್ನೇ ಆರಿಸಿಕೊಂಡರೆ ಈ ಗೋಜಲು ಬರುವುದಿಲ್ಲ. ಚಿತ್ರಕ್ಕೆ ವಿಕಿಮೀಡಿಯ ಕಾಮನ್ಸ್ ಒಳ್ಳೆಯದು, ಅಲ್ಲಿ NC, ND ಲೈಸೆನ್ಸ್ ಮಾತ್ರ ಇರುವ ಫೈಲುಗಳನ್ನು ಸೇರಿಸಿಕೊಳ್ಳುವುದೇ ಇಲ್ಲ. BY-SA ಮಾತ್ರ ಅಲ್ಲಿ ತುಂಬ ಇದೆ, ನೋಡಿಕೊಳ್ಳಿ. ಇನ್ನೊಂದು: ಸಿನಿಮಾ ಸ್ಟಿಲ್ ಒಂದನ್ನು ಯಾರೋ 'ನನ್ನದೇ ಕೃತಿ' ಎಂದು ಹಾಕಿದ್ದರೆ ನಂಬಬೇಡಿ. ಹಾಕಿದವರಿಗೇ ಹಕ್ಕಿಲ್ಲದಿದ್ದರೆ ಅವರು ಕೊಟ್ಟ ಲೈಸೆನ್ಸಿಗೆ ಬೆಲೆಯಿಲ್ಲ.

ಹೆಸರು ಹಾಕುವುದು ಎಂದರೆ 'ಕೃಪೆ: ಗೂಗಲ್' ಅಲ್ಲ. ಕೃತಿಯ ಹೆಸರು, ಮಾಡಿದವರು, ಎಲ್ಲಿಂದ, ಯಾವ ಲೈಸೆನ್ಸ್, ಬದಲಿಸಿದ್ದರೆ ಏನು ಬದಲಿಸಿದಿರಿ, ಇಷ್ಟು ಇರಬೇಕು. ಉದಾಹರಣೆಗೆ: 'ಚಿತ್ರ: ಹಳೆ ಪ್ರೊಜೆಕ್ಟರ್. ತೆಗೆದವರು: ಇಂಥವರು. ವಿಕಿಮೀಡಿಯ ಕಾಮನ್ಸ್. CC BY 4.0. ಕಪ್ಪು ಬಿಳುಪು ಮಾಡಲಾಗಿದೆ.' ಲಿಂಕುಗಳನ್ನು ಡಿಸ್ಕ್ರಿಪ್ಶನ್‌ನಲ್ಲಿ ಕೊಡಿ. ಡೌನ್‌ಲೋಡ್ ಮಾಡಿದ ದಿನವೇ ಲೈಸೆನ್ಸ್ ಕಾಣುವ ಹಾಗೆ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ಮುಂದೆ ಆ ಪುಟವೇ ಮಾಯವಾದರೆ ನಿಮ್ಮ ಕೈಯಲ್ಲಿ ಅದೊಂದೇ ಸಾಕ್ಷಿ.

ಹಳೆ ಫೋಟೊ: ಇಲ್ಲಿ ಕೇಳಿ ಪಡೆಯುವುದೇ ಮೇಲು

ಟಾಕೀಸಿನ ಫೋಟೊ ಮಾಲೀಕರ ಮನೆಯ ಆಲ್ಬಮ್‌ನಲ್ಲಿ ಸಿಕ್ಕಿತು. ಮಗ 'ತಗೊಂಡು ಹೋಗಿ' ಎಂದರು. ಫೋಟೊ ಪ್ರತಿ ಯಾರ ಬಳಿ ಇದೆ ಎಂಬುದಕ್ಕೂ ಹಕ್ಕು ಯಾರದ್ದು ಎಂಬುದಕ್ಕೂ ಸಂಬಂಧ ಇಲ್ಲ. 1970ರ ದಶಕದ ಫೋಟೊ, ಹಕ್ಕು ಇನ್ನೂ ಜೀವಂತ. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದು: 'ಈ ಫೋಟೊ ತೆಗೆಸಿದವರು ಯಾರು, ದುಡ್ಡು ಕೊಟ್ಟವರು ಯಾರು?' ಮಾಲೀಕರೇ ಸ್ಟುಡಿಯೊದವರನ್ನು ಕರೆಸಿ ದುಡ್ಡು ಕೊಟ್ಟು ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮೊದಲ ಹಕ್ಕುದಾರರು ಮಾಲೀಕರು. ಅವರ ನಂತರ ವಾರಸುದಾರರು. ಆಗ ಮಗನ ಒಪ್ಪಿಗೆ ಸಾಕಾಗಬಹುದು. ಅಣ್ಣತಮ್ಮಂದಿರಿದ್ದರೆ ಅವರನ್ನೂ ಕೇಳಿ. ಫೋಟೊಗ್ರಾಫರ್ ತಾವಾಗಿಯೇ ತೆಗೆದು ಒಂದು ಪ್ರತಿ ಕೊಟ್ಟಿದ್ದರೆ ಹಕ್ಕು ಅವರದ್ದು. ಫೋಟೊದ ಹಿಂದೆ ಸ್ಟುಡಿಯೊದ ಸೀಲ್ ಇದೆಯೇ ನೋಡಿ, ಹುಡುಕಲು ಅದೇ ದಾರಿ.

ಬಾಯಿಮಾತಿನ ಒಪ್ಪಿಗೆ ಸಾಲದು, ಲೈಸೆನ್ಸ್ ಬರವಣಿಗೆಯಲ್ಲಿ ಇರಬೇಕು. ಪತ್ರದಲ್ಲಿ ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಕಾನೂನು ಐದು ವರ್ಷ ಎಂದು ಹಿಡಿಯುತ್ತದೆ. ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಯೂಟ್ಯೂಬಿನಲ್ಲಿರುವ ಸಿನಿಮಾಕ್ಕೆ ಎರಡೂ ಸಾಲುವುದಿಲ್ಲ. ಅದಕ್ಕೇ ಈ ಮಾತುಗಳು ಪತ್ರದಲ್ಲಿ ಇರಲಿ:

'ಇದರೊಂದಿಗೆ ಲಗತ್ತಿಸಿರುವ ನಮ್ಮ ಟಾಕೀಸಿನ ಫೋಟೊದ ಹಕ್ಕು ನನಗೆ ಸೇರಿದ್ದು. ಇದನ್ನು ನೀವು ನಿಮ್ಮ ಸಾಕ್ಷ್ಯಚಿತ್ರದಲ್ಲಿ ಬಳಸಲು, ಅಗತ್ಯವಿದ್ದಷ್ಟು ಕತ್ತರಿಸಲು, ಬಣ್ಣ ತಿದ್ದಲು ಒಪ್ಪಿದ್ದೇನೆ. ಈ ಸಾಕ್ಷ್ಯಚಿತ್ರವನ್ನು ಕಾಲೇಜಿನಲ್ಲಿ, ಚಿತ್ರೋತ್ಸವಗಳಲ್ಲಿ, ಇಂಟರ್‌ನೆಟ್‌ನಲ್ಲಿ, ಎಲ್ಲ ದೇಶಗಳಲ್ಲಿ, ಹಕ್ಕಿನ ಪೂರ್ಣ ಅವಧಿಯವರೆಗೆ ತೋರಿಸಬಹುದು. ಇದಕ್ಕೆ ಹಣ ಪಡೆದಿಲ್ಲ. ಕೊನೆಯಲ್ಲಿ ನಮ್ಮ ಕುಟುಂಬದ ಹೆಸರು ಹಾಕಬೇಕು.'

ಕೆಳಗೆ ದಿನಾಂಕ, ಸಹಿ. ಒಂದು ಪ್ರತಿ ಅವರಿಗೂ ಕೊಡಿ. ಹಾಡಿದ ಗೆಳತಿಯ ಒಪ್ಪಿಗೆಗೂ ಇದೇ ನಮೂನೆಯನ್ನು ಸ್ವಲ್ಪ ಬದಲಿಸಿದರೆ ಆಯಿತು.

ಗೋಡೆ ಮೇಲಿನ ಪೋಸ್ಟರಿಗೆ ಇಷ್ಟು ತಲೆಬಿಸಿ ಬೇಡ. ಚಿತ್ರಕಲೆಯ ಕೃತಿಯೊಂದು ಸಿನಿಮಾದ ಹಿನ್ನೆಲೆಯಲ್ಲಿ ಪ್ರಾಸಂಗಿಕವಾಗಿ ಬಂದರೆ 52ನೇ ಸೆಕ್ಷನ್ನೇ ಬಿಡುತ್ತದೆ. ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿರುವ ಪ್ರತಿಮೆ, ಗೋಡೆ ಚಿತ್ರಕ್ಕೂ ಅಷ್ಟೇ. ಆದರೆ ಪೋಸ್ಟರನ್ನು ಸ್ಕ್ಯಾನ್ ಮಾಡಿ ಥಂಬ್‌ನೇಲ್ ಮಾಡಿಕೊಂಡರೆ ಅದು ಹಿನ್ನೆಲೆ ಅಲ್ಲ.

ಈ ವಿನಾಯಿತಿ ಹಾಡಿಗಿಲ್ಲ ಎಂಬುದನ್ನು ಗಮನಿಸಿ. ಟೀ ಅಂಗಡಿಯಲ್ಲಿ ಪ್ರೊಜೆಕ್ಟರ್ ಆಪರೇಟರ್ ಜೊತೆ ಸಂದರ್ಶನ ನಡೆಯುವಾಗ ಹಿಂದೆ ರೇಡಿಯೊ ಹಾಡುತ್ತಿದ್ದರೆ, ಅದು ನಿಮ್ಮ ಒಳ್ಳೆಯ ಸಂದರ್ಶನವನ್ನೇ ಕೆಡಿಸಬಹುದು. ಮಾತಿನಿಂದ ಹಾಡನ್ನು ಬೇರ್ಪಡಿಸುವುದು ಆಮೇಲೆ ಕಷ್ಟ. ಅಂಗಡಿಯವರಿಗೆ 'ಅಣ್ಣಾ, ಹತ್ತು ನಿಮಿಷ ರೇಡಿಯೊ ಆಫ್ ಮಾಡ್ತೀರಾ?' ಎಂದು ಕೇಳಿ. ಮಾಡುತ್ತಾರೆ. ಸಂದರ್ಶನ ಮುಗಿದ ಮೇಲೆ ಅರ್ಧ ನಿಮಿಷ ಯಾರೂ ಮಾತಾಡದೆ ಅಂಗಡಿಯ ಬರಿ ಸದ್ದನ್ನು ಬೇರೆಯಾಗಿ ಮುದ್ರಿಸಿಕೊಳ್ಳಿ. ಕಟ್‌ಗಳ ನಡುವೆ ತುಂಬಲು ಬೇಕಾಗುತ್ತದೆ.

ಅಪ್‌ಲೋಡ್ ಮಾಡಿದ ಮೇಲೆ ಕ್ಲೇಮ್ ಬಂದರೆ

ಎಲ್ಲವನ್ನೂ ಸರಿಯಾಗಿ ಮಾಡಿದರೂ ಯೂಟ್ಯೂಬಿನಲ್ಲಿ ಕ್ಲೇಮ್ ಬರಬಹುದು. ಮೊದಲು ಅದು ಕ್ಲೇಮೋ ಸ್ಟ್ರೈಕೋ ನೋಡಿ. ಕಂಟೆಂಟ್ ಐಡಿ ಕ್ಲೇಮ್ ಯಂತ್ರ ಹೋಲಿಸಿ ಹಾಕುವಂಥದ್ದು. ಹಕ್ಕುದಾರರು ವಿಡಿಯೊ ತಡೆಯಬಹುದು, ಜಾಹೀರಾತಿನ ದುಡ್ಡು ತಾವು ಪಡೆಯಬಹುದು, ಅಥವಾ ಬರೀ ನೋಡುತ್ತಿರಬಹುದು. ಚಾನೆಲ್ಲಿಗೆ ಪೆಟ್ಟು ಬೀಳುವುದಿಲ್ಲ. ಸ್ಟ್ರೈಕ್ ಎಂದರೆ ಹಕ್ಕುದಾರರು ಕಾನೂನಿನ ಪ್ರಕಾರ ತೆಗೆಸಿದ್ದು. 90 ದಿನದಲ್ಲಿ ಮೂರು ಬಂದರೆ ಚಾನೆಲ್ಲೇ ಹೋಗಬಹುದು. ಕಾಲೇಜಿನ ಚಾನೆಲ್ ಆದರೆ ಹಿಂದಿನ ಬ್ಯಾಚ್‌ಗಳ ಕೆಲಸವೂ ಅದರ ಜೊತೆ ಹೋಗುತ್ತದೆ.

ನಮ್ಮ ಗುಂಪಿಗೆ ಹೇಗೆ ಬರಬಹುದು ನೋಡೋಣ. ಹೊಸ ಧಾಟಿಯಲ್ಲಿ ಹಾಡಿಸಿದ ದಾಸರ ಪದಕ್ಕೆ ಒಂದು ಆಡಿಯೊ ಕಂಪನಿಯ ಹೆಸರಿನಲ್ಲಿ ಕ್ಲೇಮ್ ಬಂದಿದೆ. ವಿವರ ತೆರೆದರೆ ಯಾವ ನಿಮಿಷದಿಂದ ಯಾವ ನಿಮಿಷದವರೆಗೆ, ಯಾವ ಹಾಡಿಗೆ ಹೋಲಿಸಿದೆ ಎಂದು ಕಾಣುತ್ತದೆ. ಆ ಹಾಡು ಕೇಳಿ ನೋಡಿ. ಮಾತು ಅದೇ, ಧಾಟಿ ಮತ್ತು ಮುದ್ರಣ ಬೇರೆ ಎಂದು ಖಾತ್ರಿಯಾದರೆ ಡಿಸ್ಪ್ಯೂಟ್ ಒತ್ತಿ. ಕಾರಣದಲ್ಲಿ ಭಾವುಕತೆ ಬೇಡ. 'ಸಾಹಿತ್ಯ 16ನೇ ಶತಮಾನದ ಪುರಂದರದಾಸರದ್ದು, ಅದರ ಮೇಲೆ ಯಾರ ಹಕ್ಕೂ ಇಲ್ಲ. ಧಾಟಿ ಮತ್ತು ಧ್ವನಿಮುದ್ರಣ ನಮ್ಮ ವಿದ್ಯಾರ್ಥಿಗಳದ್ದು, ಇಂಥ ತಿಂಗಳಲ್ಲಿ ಮುದ್ರಿಸಿದ್ದು. ಗಾಯಕಿಯ ಲಿಖಿತ ಒಪ್ಪಿಗೆ ನಮ್ಮ ಬಳಿ ಇದೆ' ಎಂದು ಬರೆದರೆ ಸಾಕು. ಉತ್ತರ ಕೊಡಲು ಕ್ಲೇಮ್ ಹಾಕಿದವರಿಗೆ 30 ದಿನ ಇರುತ್ತದೆ. ಅಷ್ಟರಲ್ಲಿ ಉತ್ತರಿಸದಿದ್ದರೆ ಕ್ಲೇಮ್ ತಾನಾಗಿ ಬಿದ್ದುಹೋಗುತ್ತದೆ.

ಸಿನಿಮಾ ತುಣುಕಿಗೆ ಕ್ಲೇಮ್ ಬಂದರೆ ಲೆಕ್ಕ ಬೇರೆ. ಯಂತ್ರಕ್ಕೆ ವಿಮರ್ಶೆ ಗೊತ್ತಾಗುವುದಿಲ್ಲ, ಹೋಲಿಕೆ ಮಾತ್ರ ಗೊತ್ತಾಗುತ್ತದೆ. ವಿಡಿಯೊ ತಡೆದಿಲ್ಲ, ನಿಮಗೆ ಜಾಹೀರಾತಿನ ದುಡ್ಡು ಬೇಕಾಗಿಲ್ಲ ಎಂದರೆ ಹಾಗೇ ಬಿಡಬಹುದು. ತಡೆದಿದ್ದರೆ, ಆ ಹನ್ನೆರಡು ಸೆಕೆಂಡಿನಲ್ಲಿ ನಿರೂಪಣೆ ಏನು ಹೇಳುತ್ತದೆ ಎಂಬುದನ್ನು ಅಕ್ಷರಶಃ ಬರೆದು ಡಿಸ್ಪ್ಯೂಟ್ ಹಾಕಿ. ಅವರು ಒಪ್ಪದೆ, ನೀವು ಅಪೀಲು ಮಾಡಿ, ಅದನ್ನೂ ತಳ್ಳಿಹಾಕಿ ತೆಗೆಸಲು ಹೊರಟರೆ ವಿಷಯ ಸ್ಟ್ರೈಕ್‌ವರೆಗೆ ಹೋಗಬಹುದು. ಅಷ್ಟು ದೂರ ಹೋಗುವ ಮುಂಚೆ ವಿಭಾಗದ ಮುಖ್ಯಸ್ಥರಿಗೆ ತಿಳಿಸಿ, ಕಾಲೇಜಿನವರು ಯಾರಾದರೂ ವಕೀಲರನ್ನು ಕೇಳಲಿ. ಫೆಸ್ಟಿವಲ್ ಹತ್ತಿರದಲ್ಲಿದ್ದು ಸಮಯವಿಲ್ಲದಿದ್ದರೆ ಆ ದೃಶ್ಯವನ್ನು ಯೂಟ್ಯೂಬ್ ಎಡಿಟರ್‌ನಲ್ಲೇ ಕತ್ತರಿಸಬಹುದು. ಲಿಂಕ್ ಬದಲಾಗುವುದಿಲ್ಲ, ಬಂದ ವ್ಯೂಸ್ ಹಾಗೇ ಉಳಿಯುತ್ತವೆ.